ಜನವಿಲ್ಲದ ಜಾಗ, ಕಾವಲಿಲ್ಲದ ನೀರು

ಪೆರ್ನಾಳ್ ಕಳೆದ ಮರುದಿನ, ಶಾಲೆ ರಜೆಯ ಆದಿತ್ಯವಾರ, ಮದುವೆ ಮುಗಿದ ವಾರ - ನಮ್ಮ ಮನೆಗಳಲ್ಲಿ ಒಂದೇ ಮಾತು ಕೇಳುತ್ತದೆ: ಎಲ್ಲಿಗಾದರೂ ಹೋಗುವಾ, ಆದರೆ ರಶ್ ಇಲ್ಲದ ಕಡೆ ಹೋಗುವಾ. ಈ ಮಾತನ್ನು ಹೆಚ್ಚಾಗಿ ಹೇಳುವುದು ಹೆಂಗಸರು, ಅದಕ್ಕೆ ಕಾರಣವೂ ಇದೆ. ಪ್ರಸಿದ್ಧ ಜಾಗಗಳಲ್ಲಿ ನಾಲ್ಕು ಜನ ಬುರ್ಖಾ ಹಾಕಿದವರು ಒಂದು ಚಾಪೆ ಹಾಸಿ ಕೂತರೆ ಹಾದು ಹೋಗುವವರೆಲ್ಲ ಒಮ್ಮೆ ತಿರುಗಿ ನೋಡುತ್ತಾರೆ. ಯಾರದೋ ಮೊಬೈಲ್ ಕ್ಯಾಮರಾ ಈ ಕಡೆ ತಿರುಗಿರುತ್ತದೆ. ನಮಾಜಿಗೆ ಮೂಲೆ ಸಿಗುವುದಿಲ್ಲ, ಶೌಚಾಲಯದ ಮುಂದೆ ಸಾಲು. ಅದಕ್ಕೇ ಗಂಡಸರು ಡ್ರೈವರ್ ಹತ್ತಿರ ಕೇಳುತ್ತಾರೆ, "ಇಲ್ಲಿ ಹತ್ತಿರ ಯಾರೂ ಇಲ್ಲದ ನೀರಿನ ಜಾಗ ಉಂಟಾ?"

ಯಾರೂ ಇಲ್ಲದ ಜಾಗ ಅನ್ನುವುದು ಒಂದು ಮಾತು. ಯಾರೂ ಇಲ್ಲದ ನೀರಿನ ಜಾಗ ಅನ್ನುವುದು ಬೇರೆಯೇ ಮಾತು. ಇದನ್ನು ತುಮಕೂರು ಕಡೆಯ ಒಂದು ನದಿಯನ್ನು ಹಿಡಿದು ಹೇಳುತ್ತೇವೆ. ನಮ್ಮ ಕರಾವಳಿಯವರಿಗೆ ಆ ಕಡೆ ದೂರವೇನೂ ಅಲ್ಲ. ಹಾಸನದ ಮೇಲೆ ಬೆಂಗಳೂರಿಗೆ ಹೋಗುವ ಪ್ರತಿ ಗಾಡಿಯೂ ಕುಣಿಗಲ್ ದಾಟಿಯೇ ಹೋಗುವುದು. ಚಾರ್ಮಾಡಿ, ಅರಸೀಕೆರೆ ಮೇಲೆ ಹೋದರೆ ಗುಬ್ಬಿ ದಾಟಿ ತುಮಕೂರು ಸೇರುತ್ತೇವೆ. ಆ ಊರುಗಳಲ್ಲೇ ವ್ಯಾಪಾರ, ಕೆಲಸ ಅಂತ ನೆಲೆಸಿದ ನಮ್ಮವರೂ ಇದ್ದಾರೆ.

ನದಿಯ ಹೆಸರು ಶಿಂಷಾ. ಹುಟ್ಟುವುದು ತುಮಕೂರು ನಗರಕ್ಕೆ ಹತ್ತಿರದ ದೇವರಾಯನದುರ್ಗದ ಬೆಟ್ಟದಲ್ಲಿ. ಅಲ್ಲಿಂದ ಗುಬ್ಬಿ ತಾಲೂಕಿಗೆ ಇಳಿದು ಕಡಬದ ದೊಡ್ಡ ಕೆರೆ ಸೇರುತ್ತದೆ. (ನಮ್ಮ ಪುತ್ತೂರು ಪಕ್ಕದ ಕಡಬ ಅಲ್ಲ, ಇದು ಗುಬ್ಬಿಯ ಕಡಬ.) ಮುಂದೆ ಹರಿದು ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿಯಲ್ಲಿ ಅಣೆಕಟ್ಟಿಗೆ ತಡೆಯುತ್ತದೆ, ಆಮೇಲೆ ಮಂಡ್ಯ ಜಿಲ್ಲೆ ದಾಟಿ ಕಾವೇರಿ ಸೇರುತ್ತದೆ. ಈ ನದಿಯ ತಲೆಯಲ್ಲಿ ಒಂದು ರಶ್ ಜಾಗ ಇದೆ, ನಡುವಿನಲ್ಲಿ ಒಂದು ನಿಶ್ಶಬ್ದದ ಜಾಗ ಇದೆ. ಅವೆರಡನ್ನೂ ನೋಡುವಾ.

ದೇವರಾಯನದುರ್ಗಕ್ಕೆ ಆದಿತ್ಯವಾರ ಹೋದವರಿಗೆ ಗೊತ್ತು. ತುಮಕೂರಿನಿಂದ ಸುಮಾರು ಹದಿನೈದು ಕಿಲೋಮೀಟರ್, ಬೆಂಗಳೂರಿನಿಂದಲೂ ಒಂದೇ ದಿನದಲ್ಲಿ ಹೋಗಿ ಬರುವ ದೂರ. ಹಾಗಾಗಿ ಬೆಳಗ್ಗೆ ಹತ್ತರ ಮೇಲೆ ತಿರುವು ರಸ್ತೆಯಲ್ಲಿ ಬೈಕಿನ ಸಾಲು, ಕಾರು ನಿಲ್ಲಿಸುವ ಜಾಗಕ್ಕೆ ಜಗಳ. ನಾಮದ ಚಿಲುಮೆಯ ಹತ್ತಿರ ಜಿಂಕೆ ನೋಡಲು ಮಕ್ಕಳನ್ನು ಹೆಗಲ ಮೇಲೆ ಎತ್ತಬೇಕು. ತಿಂಡಿ ಕೈಯಲ್ಲಿ ಕಂಡರೆ ಮಂಗಗಳು ಬಿಡುವುದಿಲ್ಲ. ಇಂಥ ಕಡೆ ಹೋಗಿ ಬಂದವರು "ಇನ್ನು ಆ ಕಡೆ ಬೇಡ" ಅನ್ನುತ್ತಾರೆ.

ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಜಾಗ ಬದಲಿಸುವ ಅಗತ್ಯವೇ ಇಲ್ಲ, ಗಂಟೆ ಬದಲಿಸಿದರೆ ಸಾಕು. ಸುಬ್ಹಿ ನಮಾಜ್ ಮುಗಿಸಿ ತುಮಕೂರು ಬಿಟ್ಟರೆ ಬೆಳಕು ಹರಿಯುವಾಗ ಬೆಟ್ಟದ ಬುಡದಲ್ಲಿ ಇರುತ್ತೇವೆ. ಎಂಟೂವರೆ ಒಂಬತ್ತರ ತನಕ ಗಾಳಿ, ಮಂಜು, ದೂರದ ಕೆರೆಗಳ ನೋಟ ಎಲ್ಲ ನಮ್ಮದೇ. ಹತ್ತಕ್ಕೆ ಜನ ಹತ್ತುವಾಗ ನಾವು ಇಳಿಯುತ್ತಿರುತ್ತೇವೆ. ವಾರದ ನಡುವಿನ ದಿನ ಸಿಕ್ಕಿದರೆ ಇನ್ನೂ ಒಳ್ಳೆಯದು. ಜಾತ್ರೆಯ ದಿನಗಳಲ್ಲಿ ಹೋಗುವುದು ಬೇಡ. ಅದು ಅವರ ದಿನ, ಅವರಿಗೆ ಬಿಡಬೇಕು. ಬೆಟ್ಟದ ಮೇಲೂ ಕೆಳಗೂ ದೇವಸ್ಥಾನಗಳಿವೆ, ಮಾಂಸದ ಬುತ್ತಿ ಅಲ್ಲಿ ಬಿಚ್ಚದಿರುವುದು ಮರ್ಯಾದೆ. ಬಿರಿಯಾನಿ ತುಮಕೂರಿಗೆ ವಾಪಸ್ ಬಂದ ಮೇಲೂ ತಿನ್ನಬಹುದು.

ಆದರೆ ಇದೇ ಬೆಟ್ಟದಲ್ಲಿ ರಶ್ ತಪ್ಪಿಸಲು ಕೆಲವರು ರಸ್ತೆ ಬಿಟ್ಟು ಕಾಡಿನ ಒಳಗೆ ಇಳಿಯುತ್ತಾರೆ. ಅದು ರಕ್ಷಿತಾರಣ್ಯ, ಕರಡಿ, ಚಿರತೆ ಇರುವ ಕಾಡು. ಒಳಗೆ ಹೋದರೆ ಜನ ಸಿಗುವುದಿಲ್ಲ ಅನ್ನುವುದು ನಿಜ, ಕಾಲು ಉಳುಕಿದಾಗಲೂ ಸಿಗುವುದಿಲ್ಲ.

ಇನ್ನು ಮಾರ್ಕೋನಹಳ್ಳಿ. ಹೆದ್ದಾರಿಯಲ್ಲಿ ಯಡಿಯೂರು ಹತ್ತಿರ ಒಳಗೆ ತಿರುಗಿ ಸ್ವಲ್ಪ ಹೋದರೆ ಸಿಗುತ್ತದೆ. ಮೈಸೂರು ಅರಸರ ಕಾಲದ ಕಲ್ಲುಕಟ್ಟಡ, ಎರಡೂ ಬದಿಗೆ ಉದ್ದಕ್ಕೆ ಮಣ್ಣಿನ ಏರಿ, ಹಿಂದೆ ಕಣ್ಣು ಹಾಯಿಸುವಷ್ಟು ನೀರು. ಕೃಷ್ಣರಾಜಸಾಗರಕ್ಕೆ ಬರುವಷ್ಟು ಜನ ಇಲ್ಲಿಗೆ ಬರುವುದಿಲ್ಲ. ಟಿಕೆಟ್ ಸಾಲು ಇಲ್ಲ, ನೂಕುನುಗ್ಗಲು ಇಲ್ಲ. ಕಟ್ಟೆಯ ಕೆಳಗೆ ಬಂಡೆಗಳ ನಡುವೆ ತೆಳ್ಳಗೆ ನೀರು ಹರಿಯುತ್ತಿದ್ದರೆ ಮಕ್ಕಳು ಕಾಲು ಇಳಿಬಿಡಲು ಓಡುತ್ತಾರೆ. ಹೆಂಗಸರಿಗೂ ಯಾರ ಕಣ್ಣೂ ಇಲ್ಲದೆ ನೀರಿನಲ್ಲಿ ನಿಲ್ಲುವ ಅವಕಾಶ. ನಾವು ಹುಡುಕುವ ಜಾಗ ಹೇಗಿರಬೇಕೋ ಹಾಗೇ ಇದೆ.

2025ರ ಅಕ್ಟೋಬರ್ 7, ಮಂಗಳವಾರ, ಇಲ್ಲೇ ತುಮಕೂರಿನ ಒಂದು ಮುಸ್ಲಿಂ ಕುಟುಂಬದ ಏಳು ಮಂದಿ ಕೊಚ್ಚಿಹೋದರು. ಬಂದವರು ಸುಮಾರು ಹದಿನೈದು ಮಂದಿ, ಅವರಲ್ಲಿ ನೀರಿಗೆ ಇಳಿದವರು ಏಳು. ಒಬ್ಬರನ್ನು ಮಾತ್ರ ಬದುಕಿಸಲಾಯಿತು. ಹೋದವರಲ್ಲಿ ಹೆಂಗಸರಿದ್ದರು, ಎಳೆ ಮಕ್ಕಳಿದ್ದರು. ಅಲ್ಲಾಹು ಅವರಿಗೆ ಮಗ್ಫಿರತ್ ಕೊಡಲಿ. ಪತ್ರಿಕೆಗಳಲ್ಲಿ "ಹಠಾತ್ತನೆ ನೀರು ಬಂತು" ಎಂದು ಬಂದದ್ದನ್ನು ಓದಿ ಎಷ್ಟೋ ಜನ, ಯಾರೋ ಗೇಟ್ ತೆಗೆದಿರಬೇಕು ಅಂದುಕೊಂಡರು. ಇಲ್ಲಿಯ ಕಥೆ ಅದಲ್ಲ. ಈ ಅಣೆಕಟ್ಟಿನಲ್ಲಿ ನೀರು ತನ್ನಷ್ಟಕ್ಕೇ ಹೊರಬೀಳುವ ಸೈಫನ್ ವ್ಯವಸ್ಥೆ ಇದೆ. ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ತಿಳಿಯದಿದ್ದರೆ ಆ ಕೆಳಗಿನ ಬಂಡೆಗಳು ಎಷ್ಟು ಅಪಾಯ ಅನ್ನುವುದು ತಿಳಿಯುವುದಿಲ್ಲ. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ನಮಗೆಲ್ಲ ಗೊತ್ತಿರುವುದು ಕೆರೆಯ ಕೋಡಿ. ಗುಬ್ಬಿ ಕಡೆ ಯಾವ ಕೆರೆಗೆ ಹೋದರೂ ಏರಿಯ ಒಂದು ತುದಿಯಲ್ಲಿ ಕಲ್ಲಿನ ಕೋಡಿ ಇರುತ್ತದೆ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಅದರ ಮೇಲಿಂದ ಹೊರಗೆ ಬೀಳುತ್ತದೆ. ಒಂದು ಅಂಗುಲ ಹೆಚ್ಚಾದರೆ ಒಂದು ಅಂಗುಲದಷ್ಟು ದಪ್ಪ ನೀರು, ಅರ್ಧ ಅಡಿ ಹೆಚ್ಚಾದರೆ ಅರ್ಧ ಅಡಿ ದಪ್ಪ. ಹೆಚ್ಚಾಗುವುದು ಕಣ್ಣಿಗೆ ಕಾಣುತ್ತದೆ, ದೂರ ಸರಿಯಲು ಸಮಯ ಇರುತ್ತದೆ. ಕೋಡಿ ಬಿದ್ದ ಕೆರೆ ನೋಡಲು ಊರೇ ಸೇರುವುದು ಅದಕ್ಕೇ. (ಹಾಗಂತ ಕೋಡಿಯ ಮೇಲೆ ನಿಂತು ಫೋಟೋ ತೆಗೆಯುವುದು ಬುದ್ಧಿವಂತಿಕೆ ಅಂತ ನಾವು ಹೇಳುತ್ತಿಲ್ಲ.)

ಸೈಫನ್ ಹಾಗಲ್ಲ. ಡ್ರಮ್ಮಿನಿಂದ ಡೀಸೆಲ್ ತೆಗೆಯುವುದನ್ನು ನೋಡಿರಬಹುದು. ಪೈಪಿನ ಒಂದು ತುದಿ ಡ್ರಮ್ಮಿನ ಒಳಗೆ, ಇನ್ನೊಂದು ತುದಿ ಹೊರಗೆ, ತಗ್ಗಿನಲ್ಲಿ. ಪೈಪಿನ ಒಳಗೆ ಗಾಳಿ ಇರುವ ತನಕ ಒಂದು ಹನಿಯೂ ಬರುವುದಿಲ್ಲ. ಬಾಯಲ್ಲಿ ಗಾಳಿ ಎಳೆದ ಕೂಡಲೇ ಪೈಪು ತುಂಬಾ ಒಮ್ಮೆಲೇ ಹರಿಯಲು ಶುರು. ಆಮೇಲೆ ಅದನ್ನು ಯಾರೂ ಎಳೆಯಬೇಕಾಗಿಲ್ಲ, ಒಳಗಿನ ತುದಿಗೆ ಗಾಳಿ ಸಿಗುವ ತನಕ ಅದು ನಿಲ್ಲುವುದೂ ಇಲ್ಲ.

ಅಣೆಕಟ್ಟಿನಲ್ಲಿ ಇದೇ ಕೆಲಸವನ್ನು ಮನುಷ್ಯ ಒಳಗೆ ನಿಲ್ಲಬಹುದಾದಷ್ಟು ದೊಡ್ಡ ಕಾಂಕ್ರೀಟ್ ಕೊಳವೆ ಮಾಡುತ್ತದೆ. ಗಾಳಿ ಎಳೆಯಲು ಬಾಯಿ ಬೇಕಿಲ್ಲ. ಜಲಾಶಯ ಪೂರ್ತಿ ತುಂಬಿ ನೀರು ಕೊಳವೆಯ ಅಂಚನ್ನು ಮುಟ್ಟಿದಾಗ ಮೊದಲು ತೆಳ್ಳಗೆ ಒಳಗೆ ಇಳಿಯುತ್ತದೆ. ಆ ತೆಳ್ಳಗಿನ ನೀರೇ ಕೊಳವೆಯೊಳಗಿನ ಗಾಳಿಯನ್ನು ಸ್ವಲ್ಪ ಸ್ವಲ್ಪವಾಗಿ ತನ್ನ ಜತೆ ಹೊರಗೆ ಒಯ್ಯುತ್ತದೆ. ಕೆಳಗೆ ನಿಂತವರಿಗೆ ಈ ಹೊತ್ತಿನಲ್ಲಿ ಕಾಣುವುದು ಒಂದು ಸಣ್ಣ ತೊರೆ, ಮಕ್ಕಳಿಗೆ ಹೇಳಿ ಮಾಡಿಸಿದಂಥದ್ದು. ಗಾಳಿ ಪೂರ್ತಿ ಖಾಲಿಯಾದ ಗಳಿಗೆಯಲ್ಲಿ ಕೊಳವೆ ತುಂಬಿ ಹರಿಯುತ್ತದೆ. ಮೇಲಿನ ನೀರು ಹೆಚ್ಚಾದದ್ದು ಒಂದಿಷ್ಟೇ, ಕೆಳಗೆ ಬೀಳುವುದು ಮಾತ್ರ ತೊರೆಯಿಂದ ಒಮ್ಮೆಲೇ ಹೊಳೆ. ನಡುವೆ ಮೆಟ್ಟಿಲು ಇಲ್ಲ. ಗುಂಡಿ ಒತ್ತಿದವರು ಯಾರೂ ಇಲ್ಲ, ಹಾಗಾಗಿ ಕೂಗಿ ಎಚ್ಚರಿಸುವವರೂ ಇಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಹೀಗೆ ಹರಿದು ಜಲಾಶಯದ ಮಟ್ಟ ಸ್ವಲ್ಪ ಇಳಿದಾಗ ಕೊಳವೆಯ ಬಾಯಿಗೆ ಗಾಳಿ ಸಿಕ್ಕಿ ಸೈಫನ್ ತಾನಾಗಿ ನಿಲ್ಲುತ್ತದೆ. ಕೆಳಗೆ ಬಂಡೆಗಳು ಮತ್ತೆ ಕಾಣಿಸಿಕೊಳ್ಳುತ್ತವೆ, ಗುಂಡಿಗಳಲ್ಲಿ ತಿಳಿನೀರು ನಿಲ್ಲುತ್ತದೆ. ಮೇಲಿನಿಂದ ಒಳಹರಿವು ಇನ್ನೂ ಇದ್ದರೆ ಮಟ್ಟ ಮತ್ತೆ ಏರುತ್ತದೆ, ಸೈಫನ್ ಮತ್ತೆ ಶುರುವಾಗುತ್ತದೆ. ಅಂದರೆ ತುಂಬಿದ ಜಲಾಶಯದ ಕೆಳಗೆ ನೀರು ಶಾಂತವಾಗಿ ಕಂಡರೆ, ಅದು ಎರಡು ಪ್ರವಾಹಗಳ ನಡುವಿನ ಬಿಡುವು ಇರಬಹುದು. ಬೇರೆ ಹೊಳೆಗಳಲ್ಲಿ ಶಾಂತ ನೀರು ನೋಡಿ ಧೈರ್ಯ ಪಡುವ ನಮ್ಮ ಅಭ್ಯಾಸ ಇಲ್ಲಿ ತಿರುಗಿ ಬೀಳುತ್ತದೆ.

ಆಕಾಶ ನೋಡಿದರೂ ಉತ್ತರ ಸಿಗುವುದಿಲ್ಲ. ಈ ಜಲಾಶಯಕ್ಕೆ ನೀರು ಹರಿದು ಬರುವ ಪ್ರದೇಶ ನಾಲ್ಕು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು, ನಮ್ಮ ದಕ್ಷಿಣ ಕನ್ನಡ ಜಿಲ್ಲೆಗಿಂತ ಸ್ವಲ್ಪವೇ ಚಿಕ್ಕದು. ದೇವರಾಯನದುರ್ಗದ ಬೆಟ್ಟಕ್ಕೂ ಗುಬ್ಬಿಯ ಹೊಲಗಳಿಗೂ ರಾತ್ರಿ ಮಳೆ ಬಿದ್ದರೆ ಆ ನೀರು ಕೆರೆಯಿಂದ ಕೆರೆಗೆ ತುಂಬಿ ಹರಿದು ಮಾರ್ಕೋನಹಳ್ಳಿ ಸೇರಲು ಸಮಯ ತೆಗೆದುಕೊಳ್ಳುತ್ತದೆ. ಅದು ಬಂದು ಮುಟ್ಟುವಾಗ ಕುಣಿಗಲ್‌ನಲ್ಲಿ ಬಿಸಿಲು ಹೊಡೆಯುತ್ತಿರಬಹುದು. ಆ ಸೀಮೆಗೆ ಒಳ್ಳೆ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲೇ. ದಸರಾ ರಜೆಯೂ ಆಗಲೇ. ನಮ್ಮ ಊರಿನ ಮಳೆಗಾಲದ ಲೆಕ್ಕ ಹಾಕಿ "ಜೂನ್ ಜುಲೈ ಕಳೆಯಿತು, ಇನ್ನು ನೀರಿಗೆ ಇಳಿಯಬಹುದು" ಅನ್ನುವ ಕರಾವಳಿಯ ಬುದ್ಧಿ ಅಲ್ಲಿ ನಡೆಯುವುದಿಲ್ಲ.

ಇಷ್ಟು ಹೇಳಿದ ಮೇಲೆ ರಶ್ ಜಾಗದ ಬಗ್ಗೆ ಒಂದು ಒಳ್ಳೆ ಮಾತು ಹೇಳಲೇಬೇಕು. ಪಣಂಬೂರು ಬೀಚಿನಲ್ಲಿ ಸಂಜೆ ಕಾಲಿಡಲು ಜಾಗ ಇರುವುದಿಲ್ಲ, ಮರಳಿಗಿಂತ ಚುರುಮುರಿ ಹೆಚ್ಚು. ಆದರೆ ಮೊಣಕಾಲಿಗಿಂತ ಮುಂದೆ ಹೋದರೆ ಸಿಳ್ಳೆ ಊದುವ ಜೀವರಕ್ಷಕರು ಅಲ್ಲಿ ಇದ್ದಾರೆ. ಅವರ ಸಿಳ್ಳೆ ನಮ್ಮ ಹುಡುಗರಿಗೆ ಕಿರಿಕಿರಿ. ಅದೇ ಹುಡುಗರು ಬೈಕ್ ಹತ್ತಿ ಸಿಳ್ಳೆ ಇಲ್ಲದ ಕಡಲ ಬದಿ ಹುಡುಕಿ ಹೋಗುತ್ತಾರೆ. ಜನ ಸೇರುವ ಜಾಗದಲ್ಲಿ ಬೇಲಿ ಬರುತ್ತದೆ, ಬೋರ್ಡು ಬರುತ್ತದೆ, ಹಗ್ಗ ಹಿಡಿದವನು ಬರುತ್ತಾನೆ, ಕೂಗಿದರೆ ಕೇಳುವ ಐವತ್ತು ಜನ ಇರುತ್ತಾರೆ. ಈ ಎಲ್ಲವನ್ನೂ ಬಿಟ್ಟುಕೊಟ್ಟು ನಾವು ಏಕಾಂತ ಪಡೆಯುತ್ತೇವೆ. ಒಣ ನೆಲದಲ್ಲಿ ಈ ವ್ಯಾಪಾರ ಲಾಭದ್ದು. ಹರಿಯುವ ನೀರಿನ ಹತ್ತಿರ ಅಲ್ಲ.

ಅದರಲ್ಲೂ ನಮ್ಮ ಹೆಂಗಸರ ಉಡುಪಿನ ವಿಷಯ ಇದೆ. ಮೊಣಕಾಲು ಮುಟ್ಟುವ ನೀರು ವೇಗವಾಗಿ ಬಂದರೆ ಗಟ್ಟಿ ಗಂಡಸರೇ ನಿಲ್ಲಲಾರರು. ಒದ್ದೆಯಾದ ಬುರ್ಖಾ ಕಾಲಿಗೆ ಸುತ್ತಿಕೊಳ್ಳುತ್ತದೆ, ನೀರು ಅದನ್ನು ಹಾಯಿಯ ಹಾಗೆ ಹಿಡಿದು ಎಳೆಯುತ್ತದೆ. ಪರ್ದಾ ಕಾರಣಕ್ಕೆ ಏಕಾಂತದ ನೀರು ಹುಡುಕುತ್ತೇವೆ, ಆದರೆ ಆ ಉಡುಪಿನಲ್ಲಿ ನೀರಿಗೆ ಇಳಿಯುವವರಿಗೇ ಅಪಾಯ ಹೆಚ್ಚು. ಹೀಗಾಗಿ ಜಾಗ ಆರಿಸುವ ಗಂಡಸರು "ಇಲ್ಲಿ ಯಾರೂ ನೋಡುವುದಿಲ್ಲ" ಅನ್ನುವುದರ ಜತೆಗೇ "ಇಲ್ಲಿ ಯಾರೂ ನೋಡುವುದಿಲ್ಲ, ಮುಳುಗಿದರೂ" ಅಂತಲೂ ಓದಿಕೊಳ್ಳಬೇಕು.

ವುಳೂ ಮಾಡಲು ಹೊಳೆಗೆ ಇಳಿಯುವುದು ಇನ್ನೊಂದು ಅಭ್ಯಾಸ. ಲುಹರ್ ಸಮಯ ಆಯಿತು, ಪಳ್ಳಿ ಹತ್ತಿರ ಇಲ್ಲ, ನೀರು ಕಣ್ಣ ಮುಂದೆ ಇದೆ ಅಂತ ಒಬ್ಬೊಬ್ಬರಾಗಿ ಪಾಚಿ ಕಟ್ಟಿದ ಕಲ್ಲಿನ ಮೇಲೆ ಇಳಿಯುತ್ತೇವೆ. ವುಳೂಗೆ ಒಂದು ಮುದ್ದ್ ನೀರು ಸಾಕು ಅಂತ ಮದ್ರಸದ ಮಕ್ಕಳೂ ಕಲಿಯುತ್ತಾರೆ, ಒಂದು ಲೀಟರಿಗೂ ಕಡಿಮೆ. ಹತ್ತು ಜನಕ್ಕೆ ಹತ್ತು ಲೀಟರಿನ ಒಂದು ಕ್ಯಾನ್ ಗಾಡಿಯಲ್ಲಿ ಇಟ್ಟರೆ ಹೊಳೆಯ ಮುಖ ನೋಡಬೇಕಾಗಿಲ್ಲ. ಊರಿನಿಂದ ಬಂದ ಮುಸಾಫಿರರಿಗೆ ಲುಹರ್, ಅಸರ್ ಜಮ್ಅ್ ಮಾಡುವ ಅನುಮತಿಯೂ ಇದೆ. ಆತುರ ಪಟ್ಟು ಸಿಕ್ಕ ನೀರಿಗೆ ಇಳಿಯಬೇಕಾದ ಅವಸ್ಥೆ ಇಲ್ಲ.

ಇಂಥ ಸಾವುಗಳ ನಂತರ ಒಂದು ಮಾತು ಕೇಳಿ ಬರುತ್ತದೆ: ನೀರಿನಲ್ಲಿ ಮುಳುಗಿ ಸತ್ತವರಿಗೆ ಶಹೀದರ ದರ್ಜೆ ಇದೆ, ಖದ್ರ್ ಹಾಗಿತ್ತು, ನಾವೇನು ಮಾಡಲು ಸಾಧ್ಯ. ಆ ದರ್ಜೆಯ ವಿಷಯ ಹದೀಸಿನಲ್ಲಿ ಬಂದದ್ದು ಸತ್ಯ. ಅದು ಮಯ್ಯತ್ ಮನೆಯಲ್ಲಿ ಕೂತ ಉಮ್ಮನಿಗೆ ಸಮಾಧಾನ. ಮಾರನೆಯ ವಾರ ಅದೇ ಬಂಡೆಗೆ ಮಕ್ಕಳನ್ನು ಕರೆದುಕೊಂಡು ಹೋಗುವವನಿಗೆ ಅದು ಪರವಾನಗಿ ಅಲ್ಲ. ಒಂಟೆ ಕಟ್ಟಿ ತವಕ್ಕುಲ್ ಇಡುವ ಪಾಠ ಎಲ್ಲರಿಗೂ ಗೊತ್ತು; ಕಟ್ಟುವುದು ಮೊದಲು ಅನ್ನುವುದು ಮಾತ್ರ ಪಿಕ್ನಿಕ್ ದಿನ ಮರೆತು ಹೋಗುತ್ತದೆ.

ಹಾಗಾದರೆ ಮಾರ್ಕೋನಹಳ್ಳಿಗೆ ಹೋಗಲೇಬಾರದಾ? ಹೋಗಬಹುದು. ಏರಿಯ ಮೇಲಿಂದ ನೋಡಿ, ಆ ನೋಟಕ್ಕೆ ಕೆಳಗೆ ಇಳಿಯುವ ಅಗತ್ಯವಿಲ್ಲ. ಕಟ್ಟೆಯ ಕೆಳಭಾಗ, ಅಂದರೆ ನೀರು ಹೊರಬೀಳುವ ಬದಿ, ಬೇಸಿಗೆಯಲ್ಲೂ ಆಟದ ಜಾಗ ಅಲ್ಲ ಅಂತ ಮೊದಲೇ ಮಕ್ಕಳಿಗೆ ಹೇಳಿ ಗಾಡಿಯಿಂದ ಇಳಿಸಿ. ಬೇರೆ ಯಾವುದಾದರೂ ಹೊಳೆಯ ಬದಿ ಕೂತಿದ್ದಾಗ ನೀರಿನ ಅಂಚಿನಲ್ಲಿರುವ ಒಂದು ಕಲ್ಲನ್ನು ಗುರುತು ಇಟ್ಟುಕೊಳ್ಳಿ. ಅದು ಒದ್ದೆಯಾಗಲು ಶುರುವಾದರೆ, ತಿಳಿನೀರು ಕೆಂಪಾದರೆ, ಎಲೆ ಕಡ್ಡಿ ತೇಲಿ ಬಂದರೆ, ಸದ್ದು ಬದಲಾದರೆ ಚಪ್ಪಲಿ ಹುಡುಕದೆ ಎದ್ದು ಎತ್ತರಕ್ಕೆ ಹೋಗಬೇಕು. ಸೈಫನ್ ಕೆಳಗೆ ಈ ಗುರುತುಗಳನ್ನೂ ನಂಬಬಾರದು, ಅಲ್ಲಿ ಅಷ್ಟು ಸಮಯ ಸಿಗುವುದಿಲ್ಲ.

ಗಾಡಿಯಲ್ಲಿ ಐವತ್ತು ಅಡಿ ನೈಲಾನ್ ಹಗ್ಗ, ಮುಚ್ಚಳ ಬಿಗಿಯಾದ ಒಂದು ಖಾಲಿ ಇಪ್ಪತ್ತು ಲೀಟರ್ ಕ್ಯಾನ್ ಇರಲಿ. ಒಬ್ಬರು ಜಾರಿದಾಗ ಅವರನ್ನು ಹಿಡಿಯಲು ಇನ್ನೊಬ್ಬರು, ಅವರನ್ನು ಹಿಡಿಯಲು ಮತ್ತೊಬ್ಬರು ಇಳಿಯುವುದರಿಂದಲೇ ಒಂದು ಮನೆಯಿಂದ ಹಲವು ಮಯ್ಯತ್ ಹೊರಡುತ್ತವೆ. ಕ್ಯಾನಿಗೆ ಹಗ್ಗ ಕಟ್ಟಿ ದಡದಿಂದ ಎಸೆದರೆ ಅದನ್ನು ಅಪ್ಪಿಕೊಂಡವರ ತಲೆ ನೀರಿನ ಮೇಲೆ ನಿಲ್ಲುತ್ತದೆ.

ಏಕಾಂತವೇ ಬೇಕು ಅನ್ನುವ ಮನೆಗಳಿಗೆ ಅದೇ ಜಿಲ್ಲೆಯಲ್ಲಿ ಒಣ ನೆಲದ ಜಾಗ ಇದೆ, ನಮ್ಮವರು ಹೋಗುವುದು ಕಡಿಮೆ. ತುಮಕೂರಿನಿಂದ ಚಿತ್ರದುರ್ಗದ ಕಡೆ ಹೆದ್ದಾರಿಯಲ್ಲಿ ಸುಮಾರು ಒಂದು ಗಂಟೆ ಹೋದರೆ ಶಿರಾ. ಬಿಜಾಪುರದ ಆದಿಲ್‌ಶಾಹಿಗಳ ಪರವಾಗಿ ಆ ಸೀಮೆಯನ್ನು ಆಳಿದ ಮಲಿಕ್ ರೆಹಾನ್ ಅವರ ಗೋರಿ ಅಲ್ಲಿದೆ, 1651ರದ್ದು. ಮೊಗಲರ ಕಾಲದಲ್ಲಿ, 1696ರಲ್ಲಿ ಕಟ್ಟಿದ ಕಲ್ಲಿನ ಜಾಮಿಅ ಮಸೀದಿಯೂ ಇದೆ. ಶ್ರೀರಂಗಪಟ್ಟಣದ ಗುಂಬಝ್ ನೋಡಲು ಬಸ್ಸು ಬಸ್ಸಾಗಿ ಹೋಗುವ ನಾವು ಶಿರಾವನ್ನು ಬೋರ್ಡಿನಲ್ಲಿ ಓದಿ ಮುಂದೆ ಹೋಗುತ್ತೇವೆ. ಹಾಗಂತ ಗುಂಬಝಿನ ಬದಲಿಗೆ ಶಿರಾ ಸಾಕು ಅನ್ನುವುದು ಸರಿಯಲ್ಲ. ಹೈದರಲಿ, ಟಿಪ್ಪು ಮಲಗಿರುವ ಜಾಗ ಒಂದೇ. ಅದನ್ನು ಮಕ್ಕಳಿಗೆ ತೋರಿಸಬೇಕು ಅಂತ ಹೊರಟವರು ರಶ್ ಸಹಿಸಿಯೇ ಅಲ್ಲಿಗೆ ಹೋಗಬೇಕು, ಬೇಕಿದ್ದರೆ ಬೆಳಗ್ಗೆ ಬೇಗ. ಆದರೆ ಹೊರಟದ್ದು ಒಂದು ದಿನ ಸಮಾಧಾನವಾಗಿ ಕುಟುಂಬ ಜತೆ ಕಳೆಯಲು ಅಂತಾದರೆ, ಹಳೆಯ ಕಲ್ಲಿನ ಕೆಲಸ ನೋಡಿ, ನೆರಳಿನಲ್ಲಿ ಕೂತು, ಸಮಯಕ್ಕೆ ಸರಿಯಾಗಿ ನಮಾಜ್ ಮಾಡಲು ಅಂತಾದರೆ ಶಿರಾದಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಅಲ್ಲಿ ಮಗು ಕೈ ಬಿಡಿಸಿಕೊಂಡು ಓಡಿದರೆ ಹೋಗುವುದು ಅಂಗಳದ ಗೋಡೆಯ ತನಕ.

ಬೆಂಗಳೂರು ದಾರಿಯಲ್ಲಿ ಯಡಿಯೂರಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಮಕ್ಕಳು ಡ್ಯಾಮ್ ಅಂತ ಹಠ ಹಿಡಿದರೆ, ಅಂಗಡಿಯವರಲ್ಲಿ "ಈಗ ನೀರು ಬಿಡುತ್ತಿದ್ದಾರಾ?" ಅಂತ ಕೇಳಬೇಡಿ. ಅಲ್ಲಿ ಬಿಡುವವರು ಯಾರೂ ಇಲ್ಲವಾದ್ದರಿಂದ ಉತ್ತರ ಯಾವಾಗಲೂ "ಇಲ್ಲ" ಎಂದೇ ಬರಬಹುದು. "ಡ್ಯಾಮ್ ತುಂಬಿದೆಯಾ, ಈ ವಾರ ಮೇಲೆ ಗುಬ್ಬಿ ಕಡೆ ಮಳೆ ಆಗಿದೆಯಾ?" ಅಂತ ಕೇಳಿ. ಎರಡರಲ್ಲಿ ಒಂದಕ್ಕೆ ಹೌದು ಅಂದರೆ ಚಹಾ ಮುಗಿಸಿ ಹೆದ್ದಾರಿಯಲ್ಲೇ ಮುಂದುವರಿಯಿರಿ.